ಸುಮ್ಮನಿದ್ದರೆ ಒಪ್ಪಿದಂತೆಯೇ?

"ಪ್ರಿಯ ಗ್ರಾಹಕರೇ, ನಿಮಗೆ ಇನ್ನೂ ಉತ್ತಮ ಸೇವೆ ನೀಡುವ ಉದ್ದೇಶದಿಂದ ನಿಮ್ಮ ಪ್ಲಾನಿನ ದರವನ್ನು ಮುಂದಿನ ನವೀಕರಣದಿಂದ ಪರಿಷ್ಕರಿಸುತ್ತಿದ್ದೇವೆ. ಸೇವೆ ಮುಂದುವರಿಯಲು ನೀವು ಏನನ್ನೂ ಮಾಡಬೇಕಾಗಿಲ್ಲ."

ಇಂಥ ಒಂದು ಇಮೇಲ್ ಅಥವಾ ಎಸ್‌ಎಂಎಸ್ ನಿಮಗೂ ಬಂದಿರಬಹುದು. ಸಿನಿಮಾ ನೋಡುವ ಆ್ಯಪ್, ಹಾಡು ಕೇಳುವ ಆ್ಯಪ್, ಫೋಟೊ ಕೂಡಿಡುವ ಆನ್‌ಲೈನ್ ಜಾಗ, ಮಕ್ಕಳ ಪಾಠದ ಆ್ಯಪ್, ಜಿಮ್, ಆಂಟಿವೈರಸ್ ಎಲ್ಲವೂ ಈಗ ತಿಂಗಳಿಗೋ ವರ್ಷಕ್ಕೋ ತಾನಾಗಿಯೇ ನವೀಕರಣವಾಗುವ ಪ್ಲಾನುಗಳ ಮೇಲೆ ನಡೆಯುತ್ತವೆ. ಒಮ್ಮೆ ಕಾರ್ಡಿನ ವಿವರ ಕೊಟ್ಟರೆ, ಇಲ್ಲವೇ ಯುಪಿಐ ಆಟೋಪೇಗೆ ಪಿನ್ ಒತ್ತಿದರೆ ಮುಗಿಯಿತು, ಮುಂದೆ ಖಾತೆಯಿಂದ ದುಡ್ಡು ತಾನಾಗಿ ಹೋಗುತ್ತದೆ. ಹೀಗೆ ಹೋಗುವ ಮೊತ್ತ ಒಂದು ದಿನ ಹೆಚ್ಚಾಗುತ್ತದೆ. ನಾವು ಒಪ್ಪುತ್ತೇವೆ ಎಂದೂ ಹೇಳಿರುವುದಿಲ್ಲ, ಒಪ್ಪುವುದಿಲ್ಲ ಎಂದೂ ಹೇಳಿರುವುದಿಲ್ಲ. ಹೆಚ್ಚಿನ ಸಲ ಆ ಸಂದೇಶವನ್ನು ನೋಡಿಯೇ ಇರುವುದಿಲ್ಲ.

"ಏನನ್ನೂ ಮಾಡಬೇಕಾಗಿಲ್ಲ" ಎಂಬ ಮಾತು ಓದಲು ಉಪಕಾರದಂತೆ ಕಾಣುತ್ತದೆ. ಅದು ಮಾಡುವ ಕೆಲಸ ಬೇರೆ. ನೀವು ಏನೂ ಮಾಡದಿರುವುದನ್ನೇ ಅದು ಹೊಸ ಬೆಲೆಗೆ ನಿಮ್ಮ ಒಪ್ಪಿಗೆಯಾಗಿ ಬರೆದುಕೊಳ್ಳುತ್ತದೆ. ಹಾಗೆ ಬರೆದುಕೊಳ್ಳಲು ಕಂಪನಿಗೆ ಹಕ್ಕಿದೆಯೇ?

ಬರೀ ಮೌನವನ್ನು ಕಾನೂನು ಒಪ್ಪಿಗೆ ಎನ್ನುವುದಿಲ್ಲ. ಆದರೆ ಕಂಪನಿ ಬರೀ ನಿಮ್ಮ ಮೌನವನ್ನೇ ನಂಬಿ ಕೂತಿರುವುದಿಲ್ಲ. ಅದರ ಹಿಂದೆ ಮೂರು ಆಧಾರಗಳಿರುತ್ತವೆ: ನೀವು ಸೇವೆಯನ್ನು ಮುಂದೆಯೂ ಬಳಸುತ್ತಿರುವುದು, ಮೊದಲ ದಿನವೇ ನೀವು ಟಿಕ್ ಒತ್ತಿದ ಷರತ್ತುಗಳು, ಮತ್ತು ಬ್ಯಾಂಕಿಗೆ ನೀವು ಕೊಟ್ಟಿರುವ ಆಟೋಪೇ ಅನುಮತಿ. ಈ ಮೂರರಲ್ಲಿ ಯಾವುದು ಎಷ್ಟು ಗಟ್ಟಿ ಎಂದು ತಿಳಿದುಕೊಂಡವರು ಮೋಸ ಹೋಗುವುದು ಕಡಿಮೆ.

ಕುದುರೆಯ ಮೊಕದ್ದಮೆ

ಮೌನದ ಬಗ್ಗೆ ಕಾನೂನು ವಿದ್ಯಾರ್ಥಿಗಳು ಮೊದಲು ಓದುವುದು ಇಂಗ್ಲೆಂಡಿನ 1862ರ ಒಂದು ತೀರ್ಪನ್ನು. ಫೆಲ್ಟ್‌ಹೌಸ್ ಎಂಬಾತ ತನ್ನ ಅಣ್ಣನ ಮಗನಿಂದ ಒಂದು ಕುದುರೆ ಕೊಳ್ಳಲು ಹೊರಟಿದ್ದ. ಬೆಲೆಯ ವಿಷಯದಲ್ಲಿ ಇಬ್ಬರಿಗೂ ಸ್ವಲ್ಪ ಗೊಂದಲವಿತ್ತು. ನಡುವಿನ ಮೊತ್ತವೊಂದನ್ನು ಹಿಡಿದು ಚಿಕ್ಕಪ್ಪ ಪತ್ರ ಬರೆದ: ಈ ಬಗ್ಗೆ ನಿನ್ನಿಂದ ಮತ್ತೇನೂ ಕೇಳಿಬರದಿದ್ದರೆ, 30 ಪೌಂಡ್ 15 ಷಿಲ್ಲಿಂಗಿಗೆ ಕುದುರೆ ನನ್ನದಾಯಿತೆಂದು ತಿಳಿಯುತ್ತೇನೆ. ಹುಡುಗ ಉತ್ತರ ಬರೆಯಲಿಲ್ಲ. ಕೊಡುವ ಮನಸ್ಸಂತೂ ಅವನಿಗಿತ್ತು. ತನ್ನ ಜಾನುವಾರುಗಳ ಹರಾಜು ನಡೆಸುತ್ತಿದ್ದ ಬಿಂಡ್ಲಿಗೆ ಆ ಕುದುರೆಯನ್ನು ಹರಾಜಿನಿಂದ ಹೊರಗಿಡಲು ಹೇಳಿಯೂ ಇದ್ದ. ಬಿಂಡ್ಲಿ ತಪ್ಪಿ ಅದನ್ನೂ ಮಾರಿಬಿಟ್ಟ. ನನ್ನ ಕುದುರೆ ಮಾರಿದ್ದೀಯ ಎಂದು ಚಿಕ್ಕಪ್ಪ ಮೊಕದ್ದಮೆ ಹೂಡಿ ಸೋತ. ಉತ್ತರ ಬರೆಯುವ ಹೊರೆಯನ್ನು ಇನ್ನೊಬ್ಬರ ಮೇಲೆ ಹೇರಿ, ಬರೆಯದಿದ್ದರೆ ಮಾರಾಟವಾಯಿತು ಎನ್ನುವ ಅಧಿಕಾರ ಕೊಳ್ಳುವವನಿಗಿಲ್ಲ ಎಂದಿತು ನ್ಯಾಯಾಲಯ. ಹುಡುಗ ಮನಸ್ಸಿನಲ್ಲಿ ಒಪ್ಪಿದ್ದರೂ ಅದನ್ನು ಚಿಕ್ಕಪ್ಪನಿಗೆ ತಿಳಿಸಿರಲಿಲ್ಲವಾದ್ದರಿಂದ ಕರಾರೇ ಆಗಿರಲಿಲ್ಲ.

ಇದಾಗಿ ಹತ್ತು ವರ್ಷಕ್ಕೆ ಬಂದ ಭಾರತೀಯ ಕರಾರು ಕಾಯ್ದೆ, 1872 ನಮ್ಮಲ್ಲಿ ಇಂದಿಗೂ ಜಾರಿಯಲ್ಲಿದೆ. ಪ್ರಸ್ತಾವ ಯಾರ ಮುಂದಿದೆಯೋ ಅವರು ತಮ್ಮ ಸಮ್ಮತಿಯನ್ನು ಸೂಚಿಸಿದಾಗ ಮಾತ್ರ ಅದು ಒಪ್ಪಿಗೆಯಾಗುತ್ತದೆ ಎನ್ನುತ್ತದೆ ಅದರ 2ನೇ ಕಲಂ. ಇರುವ ಕರಾರನ್ನು ಬದಲಿಸಬೇಕಾದರೂ ಎರಡೂ ಕಡೆಯವರು ಒಪ್ಪಬೇಕು ಎನ್ನುವುದು 62ನೇ ಕಲಂ. ಬೆಲೆ ಏರಿಕೆ ಎಂದರೆ ಕರಾರಿನ ಬದಲಾವಣೆಯೇ. ಹಾಗಾಗಿ ಏರಿಕೆಯ ನೋಟಿಸು ಒಂದು ಪ್ರಸ್ತಾವ ಮಾತ್ರ. ಅದು ನಿಮ್ಮ ಇನ್‌ಬಾಕ್ಸಿಗೆ ಬಂದು ಬಿದ್ದ ಮಾತ್ರಕ್ಕೆ ನೀವು ಒಪ್ಪಿದಂತಾಗುವುದಿಲ್ಲ.

ಪಾತ್ರೆ ಹಿಡಿದು ಬಂದರೆ

ಹಾಗಾದರೆ ಕಂಪನಿಗಳು ಇಷ್ಟು ನಿಶ್ಚಿಂತೆಯಿಂದ ಬೆಲೆ ಏರಿಸುವುದು ಹೇಗೆ? ಮೊದಲ ಆಧಾರ ಅದೇ ಕಾಯ್ದೆಯ 8ನೇ ಕಲಮಿನಲ್ಲಿದೆ. ಬಾಯಲ್ಲಿ ಹೇಳದಿದ್ದರೂ ನಡೆಯಿಂದ ಒಪ್ಪಿಗೆ ಕೊಡಬಹುದು ಎನ್ನುತ್ತದೆ ಅದು. ಹಾಲಿನವನು ಬಾಗಿಲಲ್ಲಿ ನಿಂತು, "ಅಮ್ಮಾ, ನಾಳೆಯಿಂದ ಲೀಟರಿಗೆ ಎರಡು ರೂಪಾಯಿ ಜಾಸ್ತಿ" ಎಂದು ಹೇಳಿ ಹೋದ ಎನ್ನಿ. ಆಗ ನೀವು ಮಾತಾಡಲಿಲ್ಲ. ಮಾರನೆಯ ಬೆಳಿಗ್ಗೆ ಪಾತ್ರೆ ಹಿಡಿದು ಬಂದು ಹಾಲು ಹಾಕಿಸಿಕೊಂಡಿರಿ. ಹೊಸ ಬೆಲೆಗೆ ನೀವು ಒಪ್ಪಿದಂತೆಯೇ. ಆದರೆ ಇಲ್ಲಿ ಒಪ್ಪಿಗೆಯಾದದ್ದು ಹಿಂದಿನ ದಿನದ ಮೌನವಲ್ಲ, ಬೆಲೆ ಗೊತ್ತಿದ್ದೂ ಪಾತ್ರೆ ಹಿಡಿದು ಬಂದದ್ದು.

ಇದನ್ನೇ ಆ್ಯಪ್‌ಗಳಿಗೆ ಅನ್ವಯಿಸಿ ಕಂಪನಿಗಳು ವಾದಿಸುತ್ತವೆ. ನೋಟಿಸು ಕಳಿಸಿದ್ದೇವೆ, ಆಮೇಲೂ ನೀವು ಸಿನಿಮಾ ನೋಡಿದ್ದೀರಿ, ಅಂದರೆ ಒಪ್ಪಿದ್ದೀರಿ ಎಂಬುದು ಅವರ ವಾದ. ಈ ವಾದವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ನೀವು ಮೇಲ್ ತೆರೆದು ಓದಿ, ಹೊಸ ಬೆಲೆ ತಿಳಿದು, ಆಮೇಲೂ ತಿಂಗಳುಗಟ್ಟಲೆ ಬಳಸಿದ್ದರೆ ಗ್ರಾಹಕ ಆಯೋಗದ ಮುಂದೆ ನಿಮ್ಮ ದೂರು ಸೊರಗುತ್ತದೆ. ಆದರೆ ಹಾಲಿಗೂ ಆ್ಯಪಿಗೂ ಎರಡು ಮುಖ್ಯ ವ್ಯತ್ಯಾಸಗಳಿವೆ. ಹಾಲಿನವನು ಮುಖಕ್ಕೆ ಮುಖ ಕೊಟ್ಟು ಹೇಳಿದ, ನಿಮಗೆ ಗೊತ್ತಿತ್ತು ಎಂಬುದರಲ್ಲಿ ಅನುಮಾನವಿಲ್ಲ. ನೂರು ಜಾಹೀರಾತುಗಳ ನಡುವೆ ಬಂದು ಬಿದ್ದ ಮೇಲ್ ನಿಮ್ಮ ತಿಳಿವಿಗೆ ಬಂತೆಂದು ಹೇಳುವುದು ಹೇಗೆ? ಎರಡನೆಯದು, ಆಟೋಪೇಯಲ್ಲಿ ನೀವು ಆ್ಯಪ್ ತೆರೆಯಲಿ ಬಿಡಲಿ ದುಡ್ಡು ಹೋಗಿರುತ್ತದೆ. ನಿಮ್ಮ ನಡೆಗಾಗಿ ಅದು ಕಾಯುವುದೇ ಇಲ್ಲ.

ಷರತ್ತಿನೊಳಗಿನ ಸಾಲು

ಎರಡನೆಯ ಆಧಾರ ಹೆಚ್ಚು ಗಟ್ಟಿಯಾದದ್ದು. ಮೊದಲ ದಿನ "ಷರತ್ತುಗಳನ್ನು ಒಪ್ಪುತ್ತೇನೆ" ಎಂದು ಟಿಕ್ ಒತ್ತಿದೆವಲ್ಲ, ಆ ಉದ್ದನೆಯ ಪುಟದಲ್ಲಿ ಎಲ್ಲೋ ಒಂದು ಕಡೆ ಇಂಥ ಸಾಲು ಇರುತ್ತದೆ: ಕಂಪನಿ ಕಾಲಕಾಲಕ್ಕೆ ಬೆಲೆ ಬದಲಿಸಬಹುದು; ಬದಲಿಸುವ ಮುನ್ನ ತಿಳಿಸುತ್ತದೆ; ಆ ದಿನದೊಳಗೆ ನೀವು ರದ್ದು ಮಾಡದಿದ್ದರೆ ಹೊಸ ಬೆಲೆಗೆ ಒಪ್ಪಿದ್ದೀರಿ ಎಂದು ಪರಿಗಣಿಸಲಾಗುವುದು. ಅಂದರೆ ಮುಂದೆಂದೋ ಬರುವ ಮೌನಕ್ಕೆ ಏನು ಅರ್ಥ ಎಂಬುದನ್ನು ಮೊದಲೇ ನಮ್ಮಿಂದ ಬರೆಸಿಕೊಂಡಿರುತ್ತಾರೆ. ಕುದುರೆಯ ಮೊಕದ್ದಮೆಯಲ್ಲಿ ಇಂಥ ಕರಾರು ಇರಲಿಲ್ಲ.

ಇಂಥ ಸಾಲು ನಿಲ್ಲುತ್ತದೆಯೇ ಎಂಬ ಪ್ರಶ್ನೆ ಅತ್ಯಂತ ಸ್ಪಷ್ಟವಾಗಿ ಇತ್ಯರ್ಥವಾದದ್ದು ಜರ್ಮನಿಯಲ್ಲಿ. ಅಲ್ಲಿನ ಬ್ಯಾಂಕುಗಳು ತಮ್ಮ ಷರತ್ತುಗಳಲ್ಲಿ ಇದೇ ಬಗೆಯ ಸಾಲು ಇಟ್ಟುಕೊಂಡಿದ್ದವು. ಬದಲಾವಣೆಯನ್ನು ಎರಡು ತಿಂಗಳು ಮೊದಲು ತಿಳಿಸುತ್ತೇವೆ, ಬೇಡ ಎನ್ನದಿದ್ದರೆ ಒಪ್ಪಿದ್ದೀರಿ ಎಂದರ್ಥ ಎಂಬುದು ಅದರ ಸಾರ. ಗ್ರಾಹಕ ಸಂಘಟನೆಗಳ ಒಕ್ಕೂಟವೊಂದು ಪೋಸ್ಟ್‌ಬ್ಯಾಂಕಿನ ವಿರುದ್ಧ ಹೂಡಿದ ದಾವೆಯಲ್ಲಿ ಅಲ್ಲಿನ ಸರ್ವೋಚ್ಚ ಸಿವಿಲ್ ನ್ಯಾಯಾಲಯ 2021ರ ಏಪ್ರಿಲ್ 27ರಂದು ಆ ಸಾಲನ್ನು ಅಸಿಂಧು ಎಂದಿತು. ಇದರ ಬಲದಿಂದ ಬ್ಯಾಂಕು ಕರಾರಿನ ಯಾವ ಭಾಗವನ್ನು ಬೇಕಾದರೂ ಗ್ರಾಹಕನ ನಿಜವಾದ ಒಪ್ಪಿಗೆಯಿಲ್ಲದೆ ತನಗೆ ಬೇಕಾದಂತೆ ತಿದ್ದಿಕೊಳ್ಳಬಹುದು, ಕೊಟ್ಟದ್ದಕ್ಕೂ ಪಡೆದದ್ದಕ್ಕೂ ನಡುವಿನ ಸಮತೋಲವೇ ತಪ್ಪಿಹೋಗುತ್ತದೆ ಎಂಬುದು ಅದರ ಕಾರಣ.

ಆಗ ಇನ್ನೊಂದು ಪ್ರಶ್ನೆ ಎದ್ದಿತು. ಸಾಲು ಬಿದ್ದುಹೋಯಿತು ನಿಜ, ಆದರೆ ವರ್ಷಗಟ್ಟಲೆ ಸುಮ್ಮನೆ ಹಣ ಕೊಟ್ಟವರ ಗತಿಯೇನು? ಒಬ್ಬ ಗ್ರಾಹಕನ ಲೆಕ್ಕ ಹೀಗಿತ್ತು. ಆತನ ಉಳಿತಾಯ ಬ್ಯಾಂಕು 2018ರಿಂದ ಖಾತೆಗೆ ತಿಂಗಳಿಗೆ 3.50 ಯೂರೊ, ಕಾರ್ಡಿಗೆ ವರ್ಷಕ್ಕೆ 6 ಯೂರೊ ಶುಲ್ಕ ಹಾಕಲು ಶುರು ಮಾಡಿತ್ತು. ಆತ ಒಪ್ಪಿಗೆ ಕೊಟ್ಟಿರಲಿಲ್ಲ, ಆದರೆ ಖಾತೆಯನ್ನು ಎಂದಿನಂತೆ ಬಳಸುತ್ತಲೇ ಇದ್ದ. 2018ರಿಂದ 2021ರವರೆಗಿನ ನಾಲ್ಕು ವರ್ಷಕ್ಕೆ 192 ಯೂರೊ ವಾಪಸ್ ಕೇಳಿದ. ಇಷ್ಟು ವರ್ಷ ಬಳಸಿದ್ದೀರಿ, ತಕರಾರು ಎತ್ತಲಿಲ್ಲ ಎಂದಿತು ಬ್ಯಾಂಕು. 2024ರ ನವೆಂಬರ್ 19ರಂದು ಅದೇ ನ್ಯಾಯಾಲಯ ಗ್ರಾಹಕನ ಪರವಾಗಿ ನಿಂತಿತು. ಖಾತೆಯನ್ನು ಬಳಸುತ್ತಾ ಹೋದದ್ದು ಖಾತೆ ಬೇಕು ಎಂಬುದನ್ನು ತೋರಿಸುತ್ತದೆಯೇ ಹೊರತು ಹೊಸ ಶುಲ್ಕಕ್ಕೆ ಒಪ್ಪಿಗೆ ಎಂಬುದನ್ನಲ್ಲ ಎಂಬುದು ಆ ತೀರ್ಪಿನ ತಿರುಳು. ಕಂಪನಿಗಳ ಮೊದಲ ಆಧಾರವನ್ನೂ ಎರಡನೆಯದನ್ನೂ ಈ ಎರಡು ತೀರ್ಪುಗಳು ಸೇರಿ ಅಲ್ಲಿ ಕಿತ್ತುಹಾಕಿದವು.

ಜರ್ಮನಿಯ ತೀರ್ಪು ನಮ್ಮ ನ್ಯಾಯಾಲಯಗಳನ್ನು ಕಟ್ಟಿಹಾಕುವುದಿಲ್ಲ. ಆದರೆ ಅದೇ ದಾರಿಯಲ್ಲಿ ವಾದಿಸಲು ಬೇಕಾದ ಕಾನೂನು ನಮ್ಮಲ್ಲೂ ಇದೆ. ಗ್ರಾಹಕ ಸಂರಕ್ಷಣಾ ಕಾಯ್ದೆ, 2019 "ಅನ್ಯಾಯದ ಕರಾರು" ಎಂಬ ಹೊಸ ಕಲ್ಪನೆಯನ್ನು ತಂದಿತು. ಗ್ರಾಹಕನ ಮೇಲೆ ಅಸಮಂಜಸವಾದ ಶುಲ್ಕ ಅಥವಾ ಷರತ್ತು ಹೇರಿ ಅವನನ್ನು ಅನನುಕೂಲಕ್ಕೆ ತಳ್ಳುವ ಕರಾರು ಅದರಲ್ಲಿ ಸೇರುತ್ತದೆ. ಇಂಥ ಷರತ್ತನ್ನೇ ರದ್ದು ಮಾಡಿ ಎಂದು ಕೇಳುವವರು ಜಿಲ್ಲಾ ಆಯೋಗಕ್ಕಲ್ಲ, ರಾಜ್ಯ ಆಯೋಗಕ್ಕೆ ಹೋಗಬೇಕು.

ಅದಕ್ಕಿಂತ ನೇರವಾದದ್ದು 2020ರ ಇ-ಕಾಮರ್ಸ್ ನಿಯಮಗಳ 4ನೇ ನಿಯಮ. ಖರೀದಿಗೆ ಗ್ರಾಹಕನ ಒಪ್ಪಿಗೆಯನ್ನು ಅವನ ಸ್ಪಷ್ಟವಾದ, ಸಕ್ರಿಯವಾದ ಕ್ರಿಯೆಯಿಂದ ಮಾತ್ರ ದಾಖಲಿಸಿಕೊಳ್ಳಬೇಕು. ಮೊದಲೇ ಟಿಕ್ ಹಾಕಿಟ್ಟ ಚೌಕವೂ ಸೇರಿ ಯಾವ ರೀತಿಯಲ್ಲೂ ಒಪ್ಪಿಗೆಯನ್ನು ತಾನಾಗಿ ದಾಖಲಿಸುವಂತಿಲ್ಲ ಎನ್ನುತ್ತದೆ ಅದು. ಆನ್‌ಲೈನಿನಲ್ಲಿ ಮಾರುವ ಡಿಜಿಟಲ್ ಸೇವೆಗಳಿಗೂ ಈ ನಿಯಮಗಳು ಅನ್ವಯಿಸುತ್ತವೆ. ಹೊಸ ಬೆಲೆಯಲ್ಲಿ ಆಗುವ ನವೀಕರಣ ಹೊಸ ಖರೀದಿಯೋ ಹಳೆಯದರ ಮುಂದುವರಿಕೆಯೋ ಎಂದು ಕಂಪನಿಯ ವಕೀಲರು ವಾದಿಸಬಹುದು. ಬೆಲೆಯೇ ಬದಲಾದ ಮೇಲೆ ಅದನ್ನು ಹಳೆಯ ಖರೀದಿ ಎನ್ನುವುದು ನನಗಂತೂ ಸರಿ ಕಾಣುವುದಿಲ್ಲ. ಇನ್ನು 2023ರ ನವೆಂಬರ್ 30ರಂದು ಹೊರಬಂದ ಡಾರ್ಕ್ ಪ್ಯಾಟರ್ನ್ ಮಾರ್ಗಸೂಚಿಗಳು ಒಟ್ಟು ಹದಿಮೂರು ಕುತಂತ್ರಗಳನ್ನು ಪಟ್ಟಿ ಮಾಡಿವೆ. ರದ್ದು ಮಾಡಲು ಬಿಡದೆ ಸುತ್ತಿಸುವುದು, ಗ್ರಾಹಕನಿಗೆ ತಿಳಿಸದೆ ಖಾತೆಯಿಂದ ತಾನಾಗಿ ಹಣ ಕಡಿಯುವುದು ಅವುಗಳಲ್ಲಿ ಸೇರಿವೆ.

ಅಕ್ಕನ ₹490

ಮೂರನೆಯ ಆಧಾರ ನಮ್ಮ ದೇಶದ್ದೇ ವಿಶೇಷ. ಬಹಳ ಜನರಿಗೆ ಅದರ ಬಗ್ಗೆ ಗೊತ್ತಿಲ್ಲವಾದ್ದರಿಂದ ಕೊಂಚ ಬಿಡಿಸಿ ಹೇಳುತ್ತೇನೆ.

ಶಿವಮೊಗ್ಗದಲ್ಲಿರುವ ನನ್ನ ಅಕ್ಕ ಮೊಮ್ಮಕ್ಕಳ ಫೋಟೊಗಳನ್ನು ಒಂದು ಆನ್‌ಲೈನ್ ಸಂಗ್ರಹದಲ್ಲಿ ಇಟ್ಟುಕೊಂಡಿದ್ದಾಳೆ. ಶುರುವಿನಲ್ಲಿ ತಿಂಗಳಿಗೆ ₹149 ಇತ್ತು. ಒಂದು ದಿನ ಪಾಸ್‌ಬುಕ್ ನೋಡುತ್ತಾ ಫೋನ್ ಮಾಡಿದಳು. "ಏನೋ, ಇದು ನೂರಾ ನಲವತ್ತೊಂಬತ್ತು ಅಂತ ಅಲ್ವೇನೋ ನೀನು ಮಾಡಿಕೊಟ್ಟಿದ್ದು? ಇನ್ನೂರ ಹತ್ತೊಂಬತ್ತು ಹೋಗ್ತಾ ಇದೆಯಲ್ಲ. ನಾನು ಯಾರಿಗೂ ಹೂಂ ಅಂದಿಲ್ಲ." ಲೆಕ್ಕ ಹಾಕಿದರೆ ಏಳು ತಿಂಗಳಿಂದ ₹219 ಹೋಗಿತ್ತು. ತಿಂಗಳಿಗೆ ₹70ರಂತೆ ಒಟ್ಟು ₹490. ಹುಡುಕಿದಾಗ ಏರಿಕೆಯ ಮೇಲ್ ಪ್ರಮೋಷನ್ಸ್ ವಿಭಾಗದಲ್ಲಿ ತೆರೆಯದೆ ಬಿದ್ದಿತ್ತು. ಅದರ ಶೀರ್ಷಿಕೆಯಲ್ಲಿ ಬೆಲೆಯ ಮಾತೇ ಇರಲಿಲ್ಲ, "ನಿಮ್ಮ ಪ್ಲಾನಿನ ಬಗ್ಗೆ ಹೊಸ ಸುದ್ದಿ" ಎಂದಷ್ಟೇ ಇತ್ತು.

ಅಕ್ಕ ಕೇಳಿದ್ದು ಒಂದೇ ಪ್ರಶ್ನೆ: "ನಾನು ಪಿನ್ ಒತ್ತದೇ ಹೆಚ್ಚಿಗೆ ದುಡ್ಡು ಹೋಗಿದ್ದು ಹೇಗೆ?"

ಉತ್ತರ ಆಕೆಯ ಯುಪಿಐ ಆ್ಯಪಿನ ಆಟೋಪೇ ಪುಟದಲ್ಲಿತ್ತು. ಆ ಸೇವೆಯ ಹೆಸರಿನ ಮುಂದೆ ₹149 ಎಂದು ಇರಲಿಲ್ಲ, "₹5,000ವರೆಗೆ" ಎಂದಿತ್ತು.

ಖಾತೆಯಿಂದ ಪದೇ ಪದೇ ಹಣ ಕಡಿಯುವ ಅನುಮತಿಗೆ ಇ-ಮ್ಯಾಂಡೇಟ್ ಎನ್ನುತ್ತಾರೆ. ರಿಸರ್ವ್ ಬ್ಯಾಂಕ್ 2019ರ ಆಗಸ್ಟಿನಲ್ಲಿ ಕಾರ್ಡುಗಳಿಗೆ ಇದರ ನಿಯಮ ತಂದು, 2020ರ ಜನವರಿಯಲ್ಲಿ ಯುಪಿಐಗೂ ವಿಸ್ತರಿಸಿತು. 2021ರ ಅಕ್ಟೋಬರ್‌ನಿಂದ ಅದು ಕಟ್ಟುನಿಟ್ಟಾಗಿ ಜಾರಿಗೆ ಬಂದಾಗ ಹಲವರ ಹಳೆಯ ಸ್ವಯಂಪಾವತಿಗಳು ನಿಂತುಹೋದದ್ದು ಓದುಗರಿಗೆ ನೆನಪಿರಬಹುದು. ನಿಯಮದ ಪ್ರಕಾರ ಮ್ಯಾಂಡೇಟ್ ನೋಂದಾಯಿಸುವಾಗ ಒಟಿಪಿ ಅಥವಾ ಪಿನ್ ಬೇಕೇ ಬೇಕು. ಆಮೇಲೆ ಪ್ರತಿ ಸಲ ₹15,000ದವರೆಗೆ ಪಿನ್ ಇಲ್ಲದೆ ಹಣ ಹೋಗಬಹುದು. ವಿಮೆಯ ಕಂತು, ಮ್ಯೂಚುವಲ್ ಫಂಡ್ ಮತ್ತು ಕ್ರೆಡಿಟ್ ಕಾರ್ಡ್ ಬಿಲ್ಲಿಗೆ ಈ ಮಿತಿ ₹1 ಲಕ್ಷ.

ಮುಖ್ಯ ಸಂಗತಿ ಮ್ಯಾಂಡೇಟಿನಲ್ಲಿ ಎರಡು ಬಗೆ ಇರುವುದು. ಒಂದರಲ್ಲಿ ಮೊತ್ತ ನಿಗದಿಯಾಗಿರುತ್ತದೆ. ಅಕ್ಕನ ಮ್ಯಾಂಡೇಟ್ ₹149ಕ್ಕೇ ನಿಗದಿಯಾಗಿದ್ದರೆ, ಕಂಪನಿ ₹219 ಕೇಳಿದಾಗ ಪಾವತಿ ಆಗುತ್ತಲೇ ಇರಲಿಲ್ಲ. ಹೊಸ ಮೊತ್ತಕ್ಕೆ ಆಕೆ ಹೊಸದಾಗಿ ಪಿನ್ ಒತ್ತಬೇಕಿತ್ತು. ಅಲ್ಲಿ ಮೌನವೆಂದರೆ ನಿರಾಕರಣೆ. ಇನ್ನೊಂದು ಬಗೆಯಲ್ಲಿ ಮೊತ್ತ ಹೆಚ್ಚು ಕಡಿಮೆ ಆಗಬಹುದು, ಗರಿಷ್ಠ ಮಿತಿ ಮಾತ್ರ ಇರುತ್ತದೆ. ವಿದ್ಯುತ್ ಬಿಲ್ಲಿನಂತೆ ಪ್ರತಿ ತಿಂಗಳು ಬದಲಾಗುವ ಪಾವತಿಗೆ ಇದು ಬೇಕಾದದ್ದೇ. ಆದರೆ ಒಂದೇ ಬೆಲೆಯ ಪ್ಲಾನಿಗೂ ಕಂಪನಿಗಳು ಈ ಬಗೆಯನ್ನೇ ಬಳಸುತ್ತವೆ. ಬಗೆ ಯಾವುದು, ಮಿತಿ ಎಷ್ಟು ಎಂಬ ಆಯ್ಕೆ ಗ್ರಾಹಕನದು ಎನ್ನುತ್ತದೆ ನಿಯಮ. ವ್ಯವಹಾರದಲ್ಲಿ ಆ ಸಂಖ್ಯೆಯನ್ನು ಕಂಪನಿಯೇ ತುಂಬಿ ಕಳಿಸುವುದು ಹೆಚ್ಚು, ನಾವು ಅದರ ಕಡೆ ಕಣ್ಣು ಹಾಯಿಸದೆ ಪಿನ್ ಒತ್ತುತ್ತೇವೆ. ಆಮೇಲೆ ₹149 ಇದ್ದದ್ದು ₹219 ಆದರೂ ₹499 ಆದರೂ ಬ್ಯಾಂಕಿನ ಯಂತ್ರಕ್ಕೆ ಅದು ಮಿತಿಯೊಳಗಿನ ಮೊತ್ತ. ಅಲ್ಲಿ ಮೌನವೆಂದರೆ ಪಾವತಿ.

ಇಲ್ಲಿ ಎರಡು ಬೇರೆ ಬೇರೆ ಒಪ್ಪಿಗೆಗಳು ಒಂದಾಗಿ ಕಲಸಿಹೋಗುತ್ತವೆ. "₹5,000ವರೆಗೆ ಕಡಿಯಬಹುದು" ಎಂಬುದು ಬ್ಯಾಂಕಿಗೆ ನೀವು ಕೊಟ್ಟ ಅನುಮತಿ. "ತಿಂಗಳಿಗೆ ₹149 ಕೊಡುತ್ತೇನೆ" ಎಂಬುದು ಕಂಪನಿಯ ಜತೆ ನೀವು ಮಾಡಿಕೊಂಡ ಕರಾರು. ಮೊದಲನೆಯದು ಹಣ ಹೋಗುವ ದಾರಿಯನ್ನು ತೆರೆಯುತ್ತದೆ, ಎಷ್ಟು ಹಣ ಕೊಡಬೇಕಾದದ್ದು ಎಂಬುದನ್ನು ನಿರ್ಧರಿಸುವುದು ಎರಡನೆಯದು. ಮ್ಯಾಂಡೇಟಿನ ಮಿತಿಯನ್ನು ತೋರಿಸಿ ಬೆಲೆ ಏರಿಕೆಗೆ ನೀವು ಒಪ್ಪಿದ್ದೀರಿ ಎನ್ನುವುದು ತಪ್ಪು. ಕಂಪನಿಯ ಉತ್ತರದಲ್ಲಿ ಈ ವಾದ ಬಂದರೆ ಇದನ್ನೇ ತಿರುಗಿ ಬರೆಯಿರಿ.

ರಿಸರ್ವ್ ಬ್ಯಾಂಕ್ ಇನ್ನೊಂದು ರಕ್ಷಣೆಯನ್ನೂ ಇಟ್ಟಿದೆ. ಹಣ ಕಡಿಯುವ ಕನಿಷ್ಠ 24 ಗಂಟೆ ಮೊದಲು ಬ್ಯಾಂಕಿನ ಕಡೆಯಿಂದ ನಿಮಗೆ ಸೂಚನೆ ಬರಬೇಕು. ಯಾರಿಗೆ, ಎಷ್ಟು, ಯಾವಾಗ, ಯಾವ ಕಾರಣಕ್ಕೆ ಹೋಗುತ್ತದೆ ಎಂಬುದು ಅದರಲ್ಲಿರಬೇಕು. ಆ ಒಂದು ಪಾವತಿಯನ್ನು ಮಾತ್ರ ತಡೆಯಲು, ಇಲ್ಲವೇ ಇಡೀ ಮ್ಯಾಂಡೇಟನ್ನೇ ಹಿಂಪಡೆಯಲು ಅವಕಾಶವಿರಬೇಕು. ಅಕ್ಕನಿಗೂ ಪ್ರತಿ ತಿಂಗಳು ಈ ಎಸ್‌ಎಂಎಸ್ ಬಂದಿತ್ತು. ಆದರೆ ಅದರಲ್ಲಿ ₹219 ಎಂದಿತ್ತೇ ಹೊರತು ಹಿಂದಿನ ತಿಂಗಳು ₹149 ಇತ್ತು ಎಂದಿರಲಿಲ್ಲ. ಸೂಚನೆಯಲ್ಲಿ ಕನಿಷ್ಠ ಏನಿರಬೇಕು ಎಂಬ ಪಟ್ಟಿಯಲ್ಲಿ ಹಳೆಯ ಮೊತ್ತದ ಉಲ್ಲೇಖವೇ ಇಲ್ಲ. ಏರಿಕೆಯನ್ನು ಹೇಳುವ ಮೇಲ್ ಬೇರೆ, ಮೊತ್ತವನ್ನು ಹೇಳುವ ಎಸ್‌ಎಂಎಸ್ ಬೇರೆ. ಎರಡನ್ನೂ ಜೋಡಿಸಿ ನೋಡಿದವರಿಗೆ ಮಾತ್ರ ಏರಿಕೆ ಕಾಣುತ್ತದೆ.

ಅಕ್ಕನ ಪ್ರಕರಣ ಹೀಗೆ ಮುಗಿಯಿತು. ಕಂಪನಿಗೆ ಬರೆದಾಗ ಮೊದಲು ಬಂದದ್ದು ಷರತ್ತಿನ ಸಾಲನ್ನು ಎತ್ತಿ ಬರೆದ ಸಿದ್ಧ ಉತ್ತರ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಲ್ಲಿ ದೂರು ದಾಖಲಿಸಿದ ಮೇಲೆ ₹490 ವಾಪಸ್ ಬಂತು. ತಪ್ಪಾಯಿತು ಎಂದು ಕಂಪನಿ ಒಪ್ಪಲಿಲ್ಲ, ಸೌಹಾರ್ದಕ್ಕಾಗಿ ಕೊಡುತ್ತಿದ್ದೇವೆ ಎಂದಿತು. ಸಣ್ಣ ಮೊತ್ತದ ದೂರುಗಳು ಹೀಗೆ ಇತ್ಯರ್ಥವಾಗಿ ಹೋಗುವುದರಿಂದಲೇ ಈ ಪ್ರಶ್ನೆ ನಮ್ಮಲ್ಲಿ ತೀರ್ಪಿನ ಹಂತದವರೆಗೆ ಹೋಗುವುದು ಕಷ್ಟ.

ನೋಟಿಸು ಏನನ್ನು ಮುಚ್ಚಿಡಬಾರದು

ನೋಟಿಸು ಕೈಸೇರಿ, ಓದಿ, ಅರ್ಥವೂ ಆಯಿತು ಎನ್ನೋಣ. ಅದರಲ್ಲಿ ಇರಬೇಕಾದದ್ದು ಇಲ್ಲದಿದ್ದರೆ ಆಗ ಕೊಟ್ಟ ಒಪ್ಪಿಗೆಗೂ ಬೆಲೆಯಿಲ್ಲ. ಆಸ್ಟ್ರೇಲಿಯಾದ ಸ್ಪರ್ಧೆ ಮತ್ತು ಗ್ರಾಹಕ ಆಯೋಗ 2025ರ ಅಕ್ಟೋಬರಿನಲ್ಲಿ ಮೈಕ್ರೊಸಾಫ್ಟ್ ವಿರುದ್ಧ ಹೂಡಿದ ದಾವೆ ಇದೇ ವಿಷಯದ್ದು. ಮೈಕ್ರೊಸಾಫ್ಟ್ 365 ಪ್ಲಾನಿಗೆ ಹೊಸ ಸೌಲಭ್ಯವೊಂದನ್ನು ಸೇರಿಸಿ ಕಂಪನಿ ಬೆಲೆ ಏರಿಸಿತ್ತು. ಒಬ್ಬರ ಪ್ಲಾನು ವರ್ಷಕ್ಕೆ 109 ಆಸ್ಟ್ರೇಲಿಯನ್ ಡಾಲರಿನಿಂದ 159ಕ್ಕೆ, ಅಂದರೆ ಶೇ 45ರಷ್ಟು ಏರಿತು. ತಾನಾಗಿ ನವೀಕರಣ ಆಗುತ್ತಿದ್ದ ಸುಮಾರು 27 ಲಕ್ಷ ಗ್ರಾಹಕರಿಗೆ ಮೇಲ್ ಹೋಯಿತು. ಹೊಸ ಬೆಲೆ ಕೊಡಿ, ಇಲ್ಲವೇ ರದ್ದು ಮಾಡಿ ಎಂದು ಆ ಮೇಲ್ ಸಾರುತ್ತಿತ್ತು ಎಂಬುದು ಆಯೋಗದ ಆರೋಪ. ವಾಸ್ತವದಲ್ಲಿ ಮೂರನೆಯ ದಾರಿಯೂ ಇತ್ತು. ಹೊಸ ಸೌಲಭ್ಯವಿಲ್ಲದ ಹಳೆಯ ಪ್ಲಾನು ಹಳೆಯ ಬೆಲೆಗೇ "ಕ್ಲಾಸಿಕ್" ಎಂಬ ಹೆಸರಿನಲ್ಲಿ ದೊರೆಯುತ್ತಿತ್ತು. ಆದರೆ ರದ್ದು ಮಾಡುವ ಕ್ರಮಕ್ಕೆ ಇಳಿದವರಿಗೆ ಮಾತ್ರ ಅದು ಕಾಣುತ್ತಿತ್ತು. ದಾವೆಯ ಬೆನ್ನಿಗೇ ಕಂಪನಿ ಗ್ರಾಹಕರ ಕ್ಷಮೆ ಕೇಳಿ, ಹಳೆಯ ಪ್ಲಾನಿಗೆ ಮರಳುವವರಿಗೆ ಹೆಚ್ಚುವರಿ ಹಣ ವಾಪಸ್ ಕೊಡುವುದಾಗಿ ಬರೆಯಿತು.

ಒಂದು ನೋಟಿಸು ಪ್ರಾಮಾಣಿಕವೋ ಅಲ್ಲವೋ ಎಂದು ತಿಳಿಯಲು ಇದರಿಂದ ಒಂದು ಅಳತೆ ಸಿಗುತ್ತದೆ. ಹಳೆಯ ಬೆಲೆ, ಹೊಸ ಬೆಲೆ ಅಕ್ಕಪಕ್ಕ ಇವೆಯೇ? ಯಾವ ದಿನದಿಂದ ಎಂಬುದಿದೆಯೇ? ಕಡಿಮೆ ಬೆಲೆಯ ಬೇರೆ ಪ್ಲಾನಿದ್ದರೆ ಅದನ್ನು ಹೇಳಿದೆಯೇ? ಬೇಡ ಎನ್ನುವ ಕೊಂಡಿ ಅದೇ ಮೇಲಿನಲ್ಲಿದೆಯೇ? ಈ ನಾಲ್ಕರಲ್ಲಿ ಒಂದು ಇಲ್ಲದಿದ್ದರೂ ಅದನ್ನು ದೂರಿನಲ್ಲಿ ಬರೆಯಬೇಕು.

ಕೇಳಿ ಒಪ್ಪಿಗೆ ಪಡೆಯುವುದು ಕಷ್ಟದ ಕೆಲಸವೇನಲ್ಲ. ಗೂಗಲ್ ಪ್ಲೇಯಲ್ಲಿ ಆ್ಯಪ್‌ಗಳ ಚಂದಾ ಬೆಲೆ ಏರಿದಾಗ ಸಾಮಾನ್ಯ ಕ್ರಮವೇ ಗ್ರಾಹಕನನ್ನು ಕೇಳುವುದು. ಅವನು ಒಪ್ಪದಿದ್ದರೆ ಚಂದಾ ತಾನಾಗಿ ನಿಲ್ಲುತ್ತದೆ. ಕೆಲವು ದೇಶಗಳಲ್ಲಿ, ಕೆಲವು ಷರತ್ತುಗಳ ಮೇಲೆ ಮಾತ್ರ ಕೇಳದೆ ಏರಿಸಲು ಬಿಡುತ್ತದೆ. ಆ್ಯಪಲ್ ಕೂಡ ಮೊದಲು ಒಪ್ಪಿಗೆಯಿಲ್ಲದೆ ಏರಿಸಲು ಬಿಡುತ್ತಿರಲಿಲ್ಲ. 2022ರಲ್ಲಿ ಅದನ್ನು ಸಡಿಲಿಸಿ, ಸ್ಥಳೀಯ ಕಾನೂನು ಒಪ್ಪುವ ಕಡೆ ವರ್ಷಕ್ಕೊಮ್ಮೆ, ನಿಗದಿತ ಮಿತಿಯೊಳಗೆ, ಮುಂಚಿತವಾಗಿ ತಿಳಿಸಿ ಏರಿಸಬಹುದು ಎಂದಿತು. ಮೌನಕ್ಕೆ ಏನು ಅರ್ಥ ಎಂಬುದನ್ನು ತಂತ್ರಜ್ಞಾನ ನಿರ್ಧರಿಸುವುದಿಲ್ಲ, ಅದನ್ನು ಕಟ್ಟಿದವರು ನಿರ್ಧರಿಸುತ್ತಾರೆ.

ನಿಮ್ಮ ಕೈಯಲ್ಲಿರುವುದು

ಗ್ರಾಹಕನ ಹಕ್ಕು ಎಲ್ಲಿಗೆ ನಿಲ್ಲುತ್ತದೆ ಎಂಬುದನ್ನೂ ಹೇಳಬೇಕು. ಹಳೆಯ ಬೆಲೆಗೇ ಸೇವೆ ಕೊಡುತ್ತಲೇ ಇರಬೇಕು ಎಂದು ಕಂಪನಿಯನ್ನು ಕಟ್ಟಿಹಾಕುವ ಹಕ್ಕು ನಮಗಿಲ್ಲ. ದುಡ್ಡು ಕೊಟ್ಟ ಅವಧಿ ಮುಗಿಯುವವರೆಗೆ ಹಳೆಯ ಬೆಲೆ ನಡೆಯಬೇಕು. ವರ್ಷದ ಪ್ಲಾನು ಕೊಂಡಿದ್ದರೆ ಆ ವರ್ಷ ಪೂರ್ತಿ. ಆಮೇಲೆ ಹೊಸ ಬೆಲೆ ಹೇಳುವ ಸ್ವಾತಂತ್ರ್ಯ ಅವರಿಗಿದೆ, ಬೇಡ ಎನ್ನುವ ಸ್ವಾತಂತ್ರ್ಯ ನಮಗಿದೆ. ನಾವು ಕೇಳುತ್ತಿರುವುದು ಆ ಬೇಡ ಅಥವಾ ಬೇಕು ಎಂಬ ಮಾತು ನಮ್ಮ ಬಾಯಿಂದಲೇ ಬರಲಿ ಎಂಬುದನ್ನಷ್ಟೇ.

ಏರಿಕೆ ಗೊತ್ತಾದ ದಿನವೇ ಮಾಡಬೇಕಾದ ಕೆಲಸ ಒಂದಿದೆ. ಬಳಸುವುದನ್ನು ನಿಲ್ಲಿಸಿ ಅಥವಾ ಬರೆದು ತಕರಾರು ಹೇಳಿ, ಎರಡರಲ್ಲಿ ಒಂದನ್ನಾದರೂ ಮಾಡಿ. ಗೊತ್ತಾದ ಮೇಲೂ ಸುಮ್ಮನೆ ಬಳಸಿದ ಪ್ರತಿ ತಿಂಗಳೂ ಕಂಪನಿಯ ವಾದಕ್ಕೆ ಬಲ ಕೊಡುತ್ತದೆ. ಮೇಲಿನಲ್ಲಿ ಹೀಗೆ ಬರೆದರೆ ಸಾಕು: "ಹೊಸ ಬೆಲೆಗೆ ನಾನು ಒಪ್ಪಿಗೆ ಕೊಟ್ಟಿಲ್ಲ. ಇಂಥ ದಿನಾಂಕದಿಂದ ಹೆಚ್ಚುವರಿಯಾಗಿ ಕಡಿದ ಇಷ್ಟು ಮೊತ್ತವನ್ನು ಹಿಂದಿರುಗಿಸಿ. ನಾನು ಒಪ್ಪಿದ್ದೇನೆ ಎಂದು ನೀವು ಹೇಳುವುದಾದರೆ ಯಾವ ದಿನ, ಯಾವ ಕ್ರಿಯೆಯಿಂದ ಒಪ್ಪಿದೆ ಎಂಬ ದಾಖಲೆ ಕಳಿಸಿ." ಕೊನೆಯ ಸಾಲು ಬಹಳ ಮುಖ್ಯ. ಒಪ್ಪಿಗೆ ಇದೆ ಎನ್ನುವವರೇ ಅದನ್ನು ತೋರಿಸಬೇಕು.

ಅದಕ್ಕೆ ಮಣಿಯದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಿ. ಮೇಲಿನ ಪ್ರತಿ, ಎಸ್‌ಎಂಎಸ್‌ಗಳ ಸ್ಕ್ರೀನ್‌ಶಾಟ್, ಬ್ಯಾಂಕಿನ ಸ್ಟೇಟ್‌ಮೆಂಟ್ ಜೊತೆಗಿರಲಿ. ಅಲ್ಲೂ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗವಿದೆ. ನೀವಿರುವ ಊರಿನ ಜಿಲ್ಲೆಯಲ್ಲೇ ದೂರು ಕೊಡಬಹುದು, ಕಂಪನಿಯ ಕಚೇರಿ ಎಲ್ಲಿದ್ದರೂ ಸರಿ. ₹5 ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕವಿಲ್ಲ, ಎರಡು ವರ್ಷದೊಳಗೆ ದೂರು ಕೊಟ್ಟಿರಬೇಕು. 24 ಗಂಟೆ ಮೊದಲಿನ ಸೂಚನೆಯೇ ಬರದೆ ಹಣ ಹೋಗಿದ್ದರೆ ತಪ್ಪು ಬ್ಯಾಂಕಿನ ಕಡೆಯದು. ಮೊದಲು ಬ್ಯಾಂಕಿಗೆ ಬರೆಯಿರಿ. 30 ದಿನದಲ್ಲಿ ಪರಿಹಾರ ಸಿಗದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ cms.rbi.org.in ಮೂಲಕ ದೂರು ಕೊಡಿ.

ರಿಸರ್ವ್ ಬ್ಯಾಂಕ್ ಮಾಡಬೇಕಾದ ಕೆಲಸಗಳೂ ಎರಡಿವೆ. ಪಾವತಿಗೆ ಮೊದಲು ಬರುವ ಎಸ್‌ಎಂಎಸ್‌ನಲ್ಲಿ ಹಿಂದಿನ ಸಲದ ಮೊತ್ತವೂ ಇರಬೇಕು ಎಂದು ನಿಯಮಕ್ಕೆ ಒಂದು ಸಾಲು ಸೇರಿಸಬೇಕು. ಬೆಲೆ ನಿಗದಿಯಾಗಿರುವ ಪ್ಲಾನುಗಳಿಗೆ ನಿಗದಿತ ಮೊತ್ತದ ಮ್ಯಾಂಡೇಟೇ ಇರಬೇಕು, ಏರಿದರೆ ಹೊಸದಾಗಿ ಪಿನ್ ಕೇಳಬೇಕು ಎಂದು ಕಡ್ಡಾಯ ಮಾಡಬೇಕು. ತಮ್ಮ ಸೇವೆ ಹೊಸ ಬೆಲೆಗೆ ಯೋಗ್ಯ ಎಂಬ ನಂಬಿಕೆಯಿರುವ ಕಂಪನಿಗೆ ಗ್ರಾಹಕನನ್ನು ಒಂದು ಮಾತು ಕೇಳಲು ಹೆದರಿಕೆ ಇರಬೇಕಾಗಿಲ್ಲ.

ಆ ನಿಯಮ ಬರುವವರೆಗೆ ನೀವು ಕಾಯಬೇಕಾಗಿಲ್ಲ. ಇಂದೇ ನಿಮ್ಮ ಯುಪಿಐ ಆ್ಯಪಿನ ಆಟೋಪೇ ಪುಟವನ್ನೂ ಕಾರ್ಡ್ ಕೊಟ್ಟ ಬ್ಯಾಂಕಿನ ಇ-ಮ್ಯಾಂಡೇಟ್ ಪುಟವನ್ನೂ ತೆರೆಯಿರಿ. ಪ್ರತಿ ಹೆಸರಿನ ಮುಂದೆ ಇರುವ ಮಿತಿಯನ್ನು ನೀವು ನಿಜವಾಗಿ ಕೊಡುವ ಬೆಲೆಯೊಂದಿಗೆ ಹೋಲಿಸಿ. ₹149ರ ಪ್ಲಾನಿಗೆ ಸಾವಿರಗಟ್ಟಲೆ ಮಿತಿ ಇದ್ದರೆ ಅದನ್ನು ರದ್ದು ಮಾಡಿ, ಬೆಲೆಗೆ ತಕ್ಕ ಮಿತಿಯಲ್ಲಿ ಹೊಸದಾಗಿ ಮಾಡಿಕೊಳ್ಳಿ. ಮನೆಯಲ್ಲಿ ಹಿರಿಯರಿದ್ದರೆ ಅವರ ಫೋನಿನಲ್ಲೂ ಇದನ್ನು ಮಾಡಿಕೊಡಿ. ಮಿತಿ ಬೆಲೆಯಷ್ಟೇ ಇದ್ದರೆ, ಬೆಲೆ ಏರಿಸುವವರು ನಿಮ್ಮನ್ನು ಕೇಳಿಯೇ ಏರಿಸಬೇಕಾಗುತ್ತದೆ.